ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10 ಅಂದರೆ ಉಳಿದವರಿಗೆ ಎಷ್ಟು? ವೆಬಿನಾರ್ ಪ್ರಕಟಣೆಯಲ್ಲಿ ಸಮಯ ಬರೆಯಲು ಸಹಾಯ ಬೇಕು

ಶ್ರೀಲತಾ · 12 ಮಾರ್ಚ್ 2026

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರುವ ಹಳೆಯ ಕಾಗದಪತ್ರ, ಫೋಟೋಗಳನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬ ಬಗ್ಗೆ ನಾವು ಕೆಲವರು ಸೇರಿ ಐದು ವಾರಗಳ ವೆಬಿನಾರ್ ಇಟ್ಟುಕೊಂಡಿದ್ದೇವೆ. ಪ್ರತಿ ಬುಧವಾರ, ಒಂದೂವರೆ ಗಂಟೆ. ಹೇಳಿಕೊಡುವವರು ನ್ಯೂಯಾರ್ಕಿನಲ್ಲಿದ್ದಾರೆ. ನೋಡುವವರು ಭಾರತ, ದುಬೈ, ಲಂಡನ್, ಬರ್ಲಿನ್, ಟೊರಾಂಟೊ, ಸಿಡ್ನಿ ಹೀಗೆ ಎಲ್ಲೆಲ್ಲೋ ಇದ್ದಾರೆ.

ನಿನ್ನೆ ಮೊದಲ ಸೆಷನ್ ಇತ್ತು. ಅದು ಪೂರಾ ಕೆಟ್ಟುಹೋಯಿತು. ಫೆಬ್ರವರಿಯಲ್ಲಿ ಅವರು ಮೇಲ್‌ನಲ್ಲಿ ‘ಬುಧವಾರ ಬೆಳಿಗ್ಗೆ 10, ಇಎಸ್‌ಟಿ’ ಎಂದು ಬರೆದಿದ್ದರು. ನಾನು ಆವತ್ತೇ ಲೆಕ್ಕ ಹಾಕಿ ಪೋಸ್ಟರ್ ಮಾಡಿದೆ. ಪೋಸ್ಟರ್‌ನಲ್ಲಿದ್ದ ಸಾಲು ಇದು:

```
Wed 11 March | 10 AM EST | 3 PM GMT | 8:30 PM IST
```

ನಿನ್ನೆ ಸಂಜೆ 7:35ಕ್ಕೆ ಅವರಿಂದ ಫೋನ್ ಬಂತು. ‘ನಾನು ಕಾಯುತ್ತಿದ್ದೇನೆ, ಟೊರಾಂಟೊದವರೂ ಬಂದಿದ್ದಾರೆ, ನೀವೆಲ್ಲಿ?’ ಎಂದರು. ನಾನಿನ್ನೂ ಲ್ಯಾಪ್‌ಟಾಪ್ ತೆರೆದಿರಲಿಲ್ಲ. ಅವರು ಶುರು ಮಾಡಿಯೇಬಿಟ್ಟರು. ಪೋಸ್ಟರ್ ನೋಡಿಕೊಂಡು 8:30ಕ್ಕೆ ಬಂದ ಭಾರತದವರಿಗೆ, 3 ಗಂಟೆಗೆ ಬಂದ ಲಂಡನ್‌ನವರಿಗೆ ಕೊನೆಯ ಅರ್ಧ ಗಂಟೆ ಮಾತ್ರ ಸಿಕ್ಕಿತು. ಒಬ್ಬರು ಅಜ್ಜನ ಕಾಲದ ಜಾತಕದ ಕಟ್ಟು ಹಿಡಿದುಕೊಂಡೇ ಕೂತಿದ್ದರು, ಕೇಳಬೇಕು ಅಂತ. ಅವರಿಗೆ ಉತ್ತರ ಸಿಗಲಿಲ್ಲ. ಅದು ನನಗೆ ತುಂಬಾ ಬೇಜಾರಾಗಿದೆ.

ಇನ್ನು ನಾಲ್ಕು ಸೆಷನ್ ಇವೆ: ಮಾರ್ಚ್ 18, ಮಾರ್ಚ್ 25, ಏಪ್ರಿಲ್ 1, ಏಪ್ರಿಲ್ 8. ಪ್ರಕಟಣೆಯಲ್ಲಿ ಸಮಯ ಹೇಗೆ ಬರೆಯಲಿ? ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತಾನೂ ಇನ್ನೂ ಗೊತ್ತಾಗಿಲ್ಲ. ಮತ್ತೆ ಮತ್ತೆ ಕೂಡಿಸಿ ನೋಡಿದೆ, ಮೂರೂ ಸರಿಯೇ ಬರುತ್ತವೆ.

ಪ್ರಸನ್ನ · 12 ಮಾರ್ಚ್

ಮೇಡಂ, ಇದಕ್ಕೆಲ್ಲ ಒಂದೇ ಪರಿಹಾರ ಯುಟಿಸಿ. ‘14:00 ಯುಟಿಸಿ’ ಅಂತ ಒಂದೇ ಸಾಲು ಹಾಕಿ. ಅದು ಬೇಸಿಗೆ ಚಳಿಗಾಲ ಅಂತ ಬದಲಾಗುವುದಿಲ್ಲ. ಉಳಿದದ್ದನ್ನು ಅವರವರು ಲೆಕ್ಕ ಹಾಕಿಕೊಳ್ಳುತ್ತಾರೆ. ಯುಟಿಸಿ ಗೊತ್ತಿಲ್ಲದವರಿಗೆ ‘2 PM GMT’ ಅಂತ ಬರೆದರೂ ಆಯಿತು, ಅದೇ ಲಂಡನ್ ಟೈಮ್ ತಾನೆ.

ನಾಗರಾಜ್ ಜಿ · 12 ಮಾರ್ಚ್

ಶ್ರೀಲತಾ ಅವರೇ, ನಿಮ್ಮ ಕೂಡು ಕಳೆಯುವ ಲೆಕ್ಕದಲ್ಲಿ ತಪ್ಪಿಲ್ಲ. ಇಎಸ್‌ಟಿ 10 ಅಂದರೆ ಜಿಎಂಟಿ 3, ಭಾರತದ 8:30. ಮೂರೂ ಒಂದಕ್ಕೊಂದು ಸರಿಯಾಗಿ ತಾಳೆಯಾಗುತ್ತವೆ. ಅದಕ್ಕೇ ಎಷ್ಟು ಸಲ ನೋಡಿದರೂ ತಪ್ಪು ಕಾಣುತ್ತಿಲ್ಲ.

ಎಡವಿದ್ದು ಬೇರೆ ಕಡೆ. ಮಾರ್ಚ್ 11ರಂದು ನ್ಯೂಯಾರ್ಕ್ ಇಎಸ್‌ಟಿಯಲ್ಲಿ ಇರಲೇ ಇಲ್ಲ. ಮಾರ್ಚ್ 8, ಭಾನುವಾರ ನಸುಕಿನಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿದರು. ಅಲ್ಲಿಂದ ನವೆಂಬರ್ 1ರವರೆಗೆ ಅವರ ಸಮಯದ ಹೆಸರು ಇಡಿಟಿ. ಇಎಸ್‌ಟಿ ಅನ್ನುವುದು ಚಳಿಗಾಲದ ಹೆಸರು, ಯುಟಿಸಿಗಿಂತ 5 ಗಂಟೆ ಹಿಂದೆ. ಇಡಿಟಿ 4 ಗಂಟೆ ಹಿಂದೆ. ಹೀಗಾಗಿ ನಿನ್ನೆ ಅವರ ಗೋಡೆ ಗಡಿಯಾರದ 10 ಗಂಟೆ ಅಂದರೆ ಯುಟಿಸಿ 14:00, ಭಾರತದ ಸಂಜೆ 7:30.

ಅವರನ್ನೂ ದೂರುವಂತಿಲ್ಲ. ಅಲ್ಲಿರುವ ಎಷ್ಟೋ ಜನ ವರ್ಷವಿಡೀ ‘ಇಎಸ್‌ಟಿ’ ಅಂತಲೇ ಬರೆಯುತ್ತಾರೆ. ಅವರ ಮನಸ್ಸಿನಲ್ಲಿ ಅದರ ಅರ್ಥ ‘ನಮ್ಮ ಊರಿನ ಸಮಯ’, ಅಷ್ಟೇ. ನೀವು ಅದನ್ನು ಅಕ್ಷರಶಃ ತೆಗೆದುಕೊಂಡಿರಿ. ಅದಕ್ಕೆ ನನ್ನ ಮೊದಲ ಸಲಹೆ: ಆ ಮೂರಕ್ಷರಗಳನ್ನು ಪ್ರಕಟಣೆಯಿಂದಲೇ ತೆಗೆಯಿರಿ. ‘ನ್ಯೂಯಾರ್ಕ್, ಬೆಳಿಗ್ಗೆ 10’ ಅಂತ ಊರಿನ ಹೆಸರು ಬರೆಯಿರಿ. ಊರಿನ ಹೆಸರಿಗೆ ಬೇಸಿಗೆ ಚಳಿಗಾಲ ಇಲ್ಲ. ಆ ದಿನ ಆ ಊರಿನ ಗಡಿಯಾರ ಏನು ತೋರಿಸುತ್ತದೋ ಅದೇ ಸಮಯ.

ಎರಡನೆಯದು, ಲೆಕ್ಕ ಹಾಕುವಾಗ ಕಾರ್ಯಕ್ರಮದ ತಾರೀಖು ಕೊಟ್ಟು ಹಾಕಬೇಕು. ನೀವು ಫೆಬ್ರವರಿಯಲ್ಲಿ ‘ಈಗ ಅಲ್ಲಿಗೂ ಇಲ್ಲಿಗೂ ಎಷ್ಟು ವ್ಯತ್ಯಾಸ’ ಅಂತ ನೋಡಿದಿರಿ ಅನಿಸುತ್ತದೆ. ಫೆಬ್ರವರಿಗೆ ಅದು ಹತ್ತೂವರೆ ಗಂಟೆ, ಸರಿ. ಮಾರ್ಚ್ 11ಕ್ಕೆ ಅದು ಒಂಬತ್ತೂವರೆ.

ಪ್ರಸನ್ನ, ನಿಮ್ಮ ಯುಟಿಸಿ ಮಾತು ಅರ್ಧ ಸರಿ. ಪ್ರಕಟಣೆಯಲ್ಲಿ ಅದು ಇರಲಿ, ಅನುಮಾನ ಬಂದಾಗ ತಾಳೆ ನೋಡಲು ಬೇಕು. ಆದರೆ ಜಿಎಂಟಿ ಅಂದರೆ ಲಂಡನ್ ಟೈಮ್ ಅಲ್ಲ. ಮಾರ್ಚ್ 29ರ ಭಾನುವಾರದಿಂದ ಲಂಡನ್ ಒಂದು ಗಂಟೆ ಮುಂದೆ ಹೋಗುತ್ತದೆ. ಏಪ್ರಿಲ್ 1ಕ್ಕೆ ‘2 PM GMT’ ಅಂತ ಹಾಕಿದರೆ ನಿಮ್ಮ ಹಾಗೆ ಯೋಚಿಸುವ ಲಂಡನ್‌ನವರು ತಮ್ಮ ಗಡಿಯಾರದ 2ಕ್ಕೆ ಬರುತ್ತಾರೆ, ಒಂದು ಗಂಟೆ ಸುಮ್ನೆ ಕಾಯುತ್ತಾರೆ.

ಶ್ರೀಲತಾ · 12 ಮಾರ್ಚ್

ಹೌದು ಸರ್, ಫೆಬ್ರವರಿಯಲ್ಲಿ ಫೋನಿನ ವರ್ಲ್ಡ್ ಕ್ಲಾಕ್ ನೋಡಿಯೇ ವ್ಯತ್ಯಾಸ ತೆಗೆದುಕೊಂಡಿದ್ದೆ. ಅದು ಆ ಕ್ಷಣದ ವ್ಯತ್ಯಾಸ ಅನ್ನುವುದು ಹೊಳೆಯಲೇ ಇಲ್ಲ. ಈಗ ಅರ್ಥವಾಯಿತು.

ಮಲ್ಲಿಗೆ · 12 ಮಾರ್ಚ್

ನನ್ನ ಕೇಳಿದರೆ ಈ ಸಮಯವೇ ಸರಿಯಿಲ್ಲ. ಸಿಡ್ನಿಯವರಿಗೆ ಅದು ಅಪರಾತ್ರಿ ಅಲ್ವಾ? ನ್ಯೂಯಾರ್ಕಿನವರನ್ನು ಅವರ ಸಂಜೆ 6ಕ್ಕೆ ಮಾತಾಡಲು ಕೇಳಿ. ಆಗ ಸಿಡ್ನಿಯಲ್ಲಿ ಮರುದಿನ ಬೆಳಿಗ್ಗೆ ಆಗಿರುತ್ತದೆ, ಆರಾಮಾಗಿ ನೋಡಬಹುದು.

ಶ್ರೀಲತಾ · 12 ಮಾರ್ಚ್

ಮಲ್ಲಿಗೆ ಅವರೇ, ಸಮಯ ಆಗಲೇ ಗೊತ್ತಾಗಿದೆ, ಬದಲಾಯಿಸುವ ಹಾಗಿಲ್ಲ. ಅಲ್ಲಿ ಸಂಜೆ 6 ಅಂದರೆ ಭಾರತದಲ್ಲಿ ನಸುಕಿನ 3:30. ನಮ್ಮವರೇ ಜಾಸ್ತಿ ಇದ್ದಾರೆ. ಇರುವ ಸಮಯವನ್ನು ಗೊಂದಲ ಇಲ್ಲದೆ ಬರೆಯುವುದು ಹೇಗೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ಕಡಲಾಚೆ · 13 ಮಾರ್ಚ್

ನಾನಿರುವುದು ಡಬ್ಲಿನ್‌ನಲ್ಲಿ. ದಯವಿಟ್ಟು ಐಎಸ್‌ಟಿ ಅನ್ನುವುದನ್ನೂ ತೆಗೆಯಿರಿ. ಮಾರ್ಚ್ ಕೊನೆಯಲ್ಲಿ ಇಲ್ಲಿ ಗಡಿಯಾರ ಮುಂದೆ ಹೋದ ಮೇಲೆ ಐರ್ಲೆಂಡಿನ ಸಮಯಕ್ಕೂ ಐಎಸ್‌ಟಿ ಅಂತಲೇ ಹೆಸರು. ಹೋದ ವರ್ಷ ಮೇ ತಿಂಗಳಲ್ಲಿ ಬೇರೆ ಯಾರದೋ ಕಾರ್ಯಕ್ರಮಕ್ಕೆ ‘7:30 PM IST’ ಅಂತ ಇತ್ತು. ನಾನು ಭಾರತದ್ದು ಅಂತ ಅರ್ಥ ಮಾಡಿಕೊಂಡು ಮಧ್ಯಾಹ್ನ 3ಕ್ಕೆ ಕೂತೆ. ಪಕ್ಕದ ಮನೆಯ ಐರಿಶ್ ಗೆಳತಿಗೂ ಲಿಂಕ್ ಕಳಿಸಿದ್ದೆ. ಅವಳು ಸಂಜೆ ಏಳೂವರೆಗೆ ತೆರೆದು ನೋಡಿ ‘ಯಾರೂ ಇಲ್ವಲ್ಲ’ ಅಂತ ಮೆಸೇಜ್ ಮಾಡಿದಳು. ನಾಲ್ಕೂವರೆ ಗಂಟೆ ತಡ. ಅವಳ ತಪ್ಪೇನೂ ಇರಲಿಲ್ಲ. ಅವಳ ಊರಿನಲ್ಲಿ ಆ ಮೂರಕ್ಷರಕ್ಕೆ ಅದೇ ಅರ್ಥ.

ನಾಗರಾಜ್ ಜಿ · 13 ಮಾರ್ಚ್

ಒಳ್ಳೆಯ ಉದಾಹರಣೆ. ಇಸ್ರೇಲಿನವರೂ ತಮ್ಮ ಸಮಯಕ್ಕೆ ಐಎಸ್‌ಟಿ ಅನ್ನುತ್ತಾರೆ. ಸಿಎಸ್‌ಟಿ ಅಂದರೆ ಶಿಕಾಗೊ ಕಡೆಯವರಿಗೆ ಒಂದು, ಚೀನಾದವರಿಗೆ ಇನ್ನೊಂದು. ‘ಭಾರತ, ಸಂಜೆ 7:30’ ಅಂತ ಬರೆದರೆ ಯಾರಿಗೂ ಅನುಮಾನ ಬರುವುದಿಲ್ಲ, ಜಾಗವೂ ಜಾಸ್ತಿ ಬೇಡ.

ಶ್ರೀಲತಾ · 13 ಮಾರ್ಚ್

ನೀವು ಹೇಳಿದ ಹಾಗೆ ಒಂದು ಕರಡು ಮಾಡಿದ್ದೇನೆ. ನೋಡಿ ಹೇಳಿ.

*ಎರಡನೇ ಸೆಷನ್: ಬುಧವಾರ, 18 ಮಾರ್ಚ್ 2026. ನ್ಯೂಯಾರ್ಕ್, ಟೊರಾಂಟೊ ಬೆಳಿಗ್ಗೆ 10. ಲಂಡನ್, ಡಬ್ಲಿನ್ ಮಧ್ಯಾಹ್ನ 2. ಬರ್ಲಿನ್ ಮಧ್ಯಾಹ್ನ 3. ದುಬೈ ಸಂಜೆ 6. ಭಾರತ ಸಂಜೆ 7:30. ಆಸ್ಟ್ರೇಲಿಯಾ ಗುರುವಾರ ರಾತ್ರಿ 1. ಮುಂದಿನ ಮೂರು ಬುಧವಾರಗಳೂ ಇದೇ ಸಮಯ.*

ಸುಮಾ ಸಿಡ್ನಿ · 14 ಮಾರ್ಚ್

ಶ್ರೀಲತಾ ಅಕ್ಕ, ನಾನು ನಿಮ್ಮ ಸಿಡ್ನಿ ವೀಕ್ಷಕರಲ್ಲಿ ಒಬ್ಬಳು. ‘ಗುರುವಾರ ರಾತ್ರಿ 1’ ಅಂತ ಓದಿದ ತಕ್ಷಣ ನನಗೆ ಅನಿಸಿದ್ದು, ಗುರುವಾರ ಕೆಲಸ ಮುಗಿಸಿ, ಊಟ ಮಾಡಿ, ಆ ರಾತ್ರಿ 1 ಗಂಟೆಗೆ ಅಂತ. ಆಮೇಲೆ ಕೂತು ಲೆಕ್ಕ ಹಾಕಿದರೆ ಅದು ಹಿಂದಿನ ರಾತ್ರಿ! ನಾನು ಅಂದುಕೊಂಡ ಹಾಗೆ ಬಂದಿದ್ದರೆ ಇಡೀ ಒಂದು ದಿನ ತಡವಾಗುತ್ತಿತ್ತು.

ನಮ್ಮ ಮಾತಿನಲ್ಲಿ ಮಲಗಿ ಏಳುವವರೆಗೆ ಅದು ಅದೇ ದಿನ. ‘ಬುಧವಾರ ರಾತ್ರಿ ಒಂದು ಗಂಟೆಗೆ ಬಸ್ ಬಂತು’ ಅಂದರೆ ಬುಧವಾರ ಮುಗಿದ ಮೇಲಿನ ರಾತ್ರಿ ಅಂತ ಎಲ್ಲರಿಗೂ ಗೊತ್ತು. ಕ್ಯಾಲೆಂಡರ್ ಅದನ್ನು ಗುರುವಾರ ಅನ್ನುತ್ತದೆ. ನೀವು ಕ್ಯಾಲೆಂಡರಿನ ವಾರವನ್ನೂ ನಮ್ಮ ಮಾತಿನ ‘ರಾತ್ರಿ’ಯನ್ನೂ ಸೇರಿಸಿಬಿಟ್ಟಿದ್ದೀರಿ.

ಪ್ರಸನ್ನ · 14 ಮಾರ್ಚ್

ಹಾಗಾದರೆ ‘ಗುರುವಾರ ಬೆಳಗಿನ ಜಾವ 1’ ಅಂತ ಹಾಕಿದರೆ ಆಯ್ತಲ್ಲ?

ಸುಮಾ ಸಿಡ್ನಿ · 14 ಮಾರ್ಚ್

ಬೆಳಗಿನ ಜಾವ ಅಂದರೆ ಕೋಳಿ ಕೂಗುವ ಹೊತ್ತು, ಮೂರು ನಾಲ್ಕು ಗಂಟೆ. 1 ಗಂಟೆಗೆ ಯಾರೂ ಹಾಗನ್ನುವುದಿಲ್ಲ. ಆದರೆ ಗುರುವಾರ ರಾತ್ರಿ ಅನ್ನುವುದಕ್ಕಿಂತ ಎಷ್ಟೋ ವಾಸಿ. ಕನಿಷ್ಠ ಯಾವ ಕಡೆಯ ರಾತ್ರಿ ಅಂತ ಗೊತ್ತಾಗುತ್ತದೆ.

ನಾಗರಾಜ್ ಜಿ · 14 ಮಾರ್ಚ್

ಸುಮಾ ಹೇಳಿದ್ದು ತುಂಬಾ ಮುಖ್ಯ. ಒಂದು ಗಂಟೆ ತಪ್ಪಿದವರಿಗೆ ಅರ್ಧ ಕಾರ್ಯಕ್ರಮವಾದರೂ ಸಿಗುತ್ತದೆ, ದಿನ ತಪ್ಪಿದವರಿಗೆ ಏನೂ ಸಿಗುವುದಿಲ್ಲ. ನಡುರಾತ್ರಿಯ ಆಚೆ ಈಚೆ ಇರುವ ಸಮಯಕ್ಕೆ ನಾನು ಎರಡೂ ದಿನದ ಹೆಸರು ಹಾಕುತ್ತೇನೆ: ‘ಸಿಡ್ನಿ: ಬುಧವಾರ ರಾತ್ರಿ ಕಳೆದು 1 ಗಂಟೆ, ತಾರೀಖು ಗುರುವಾರ 19’. ಸಾಲು ಉದ್ದವಾಗುತ್ತದೆ, ಆಗಲಿ.

ಈಗ ನಿಮ್ಮ ಕರಡಿನ ಕೊನೆಯ ಸಾಲಿಗೆ ಬರುತ್ತೇನೆ. ‘ಮುಂದಿನ ಮೂರು ಬುಧವಾರಗಳೂ ಇದೇ ಸಮಯ’ ಅನ್ನುವುದು ನ್ಯೂಯಾರ್ಕ್, ದುಬೈ, ಭಾರತಕ್ಕೆ ನಿಜ. ಯುರೋಪಿಗೆ ಸುಳ್ಳು, ಸಿಡ್ನಿಗೂ ಸುಳ್ಳು. ಅಮೆರಿಕದವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದೆ ಮಾಡುತ್ತಾರೆ. ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ. ಸಿಡ್ನಿಯವರು ಏಪ್ರಿಲ್ ಮೊದಲ ಭಾನುವಾರ ಗಡಿಯಾರ *ಹಿಂದೆ* ಮಾಡುತ್ತಾರೆ, ಅವರಿಗೆ ಅದು ಬೇಸಿಗೆ ಮುಗಿಯುವ ಹೊತ್ತು. ನಿಮ್ಮ ನಾಲ್ಕು ಬುಧವಾರಗಳ ನಡುವೆ ಕೊನೆಯ ಎರಡೂ ಭಾನುವಾರ ಬರುತ್ತವೆ.

ನ್ಯೂಯಾರ್ಕಿನ 10 ಗಂಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಹೀಗಾಗುತ್ತದೆ. ಮಾರ್ಚ್ 18, 25ರಂದು ಲಂಡನ್‌ಗೆ 2, ಬರ್ಲಿನ್‌ಗೆ 3. ಏಪ್ರಿಲ್ 1ರಿಂದ ಲಂಡನ್‌ಗೆ 3, ಬರ್ಲಿನ್‌ಗೆ 4. ಸಿಡ್ನಿಗೆ ಮೊದಲ ಮೂರು ಸೆಷನ್ ರಾತ್ರಿ 1 ಗಂಟೆಗೆ. ಏಪ್ರಿಲ್ 8ರ ಸೆಷನ್ ಮಾತ್ರ ಸರಿಯಾಗಿ ನಡುರಾತ್ರಿ 12ಕ್ಕೆ. ಭಾರತದವರಿಗೆ ಏನೂ ಬದಲಾಗುವುದಿಲ್ಲ. ಭಾರತದಲ್ಲಿ ಕೂತು ಪ್ರಕಟಣೆ ಬರೆಯುವಾಗ ‘ಇದೇ ಸಮಯ’ ಅಂತ ಸಲೀಸಾಗಿ ಬಂದುಬಿಡುವುದು ಅದಕ್ಕೇ.

ಬ್ರಿಸ್ಬೇನ್ ರವಿ · 14 ಮಾರ್ಚ್

‘ಆಸ್ಟ್ರೇಲಿಯಾ’ ಅಂತ ಹಾಕಬೇಡಿ. ಸಿಡ್ನಿ ಅಂತಲೇ ಹಾಕಿ. ನಾನಿರುವ ಬ್ರಿಸ್ಬೇನ್‌ನಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿಯೇ ಇಲ್ಲ. ನಮಗೆ ನಾಲ್ಕೂ ಸೆಷನ್ ನಡುರಾತ್ರಿ 12ಕ್ಕೇ. ನಾನೂ ಸುಮಾ ಅವರೂ ಇರುವುದು ಒಂದೇ ದೇಶದ ಒಂದೇ ಕರಾವಳಿಯಲ್ಲಿ, ಆದರೂ ಏಪ್ರಿಲ್ 5ರವರೆಗೆ ಒಂದು ಗಂಟೆ ವ್ಯತ್ಯಾಸ.

ಕವಿತಾ ಆರ್ · 14 ಮಾರ್ಚ್

ನನ್ನದೊಂದು ಬೇರೆ ಅಭಿಪ್ರಾಯ. ನ್ಯೂಯಾರ್ಕನ್ನೇ ಯಾಕೆ ಗಟ್ಟಿ ಹಿಡಿಯಬೇಕು? ನೋಡುವವರಲ್ಲಿ ಜಾಸ್ತಿ ಜನ ಎಲ್ಲಿದ್ದಾರೋ ಆ ಜಾಗದ ಸಮಯ ಹಿಡಿಯಿರಿ. ನಾನು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಒಂದು ಓದುಬಳಗ ನಡೆಸುತ್ತೇನೆ. ‘ಭಾರತ, ಸಂಜೆ 7:30’ ಅನ್ನುವುದೇ ಅದರ ಗೂಟ. ನವೆಂಬರ್‌ನಲ್ಲಿ ಅಮೆರಿಕದವರ ಗಡಿಯಾರ ಹಿಂದೆ ಹೋದಾಗ ಅವರಿಗೆ 10 ಇದ್ದದ್ದು 9 ಆಗುತ್ತದೆ. ಅವರಿರುವುದು ನಾಲ್ಕೇ ಜನ, ಅವರಿಗೆ ಫೋನ್ ಮಾಡಿಯೇ ಹೇಳುತ್ತೇನೆ. ನೂರು ಜನಕ್ಕೆ ಹೇಳುವುದಕ್ಕಿಂತ ಅದು ಸುಲಭ.

ನಾಗರಾಜ್ ಜಿ · 14 ಮಾರ್ಚ್

ಮಾತಾಡುವವರೂ ನಿಮ್ಮ ಜೊತೆ ಬದಲಾಯಿಸಿಕೊಳ್ಳಲು ಒಪ್ಪಿದರೆ ಸರಿ. ಹೊರಗಿನಿಂದ ಬರುವವರು ‘ಬೆಳಿಗ್ಗೆ 10’ ಅಂತ ತಮ್ಮ ದಿನಚರಿಯಲ್ಲಿ ಬರೆದುಕೊಂಡಿರುತ್ತಾರೆ. 9ಕ್ಕೆ ಅವರಿಗೆ ಬೇರೆ ಕೆಲಸ ಇರಬಹುದು. ಅವರು ಬರದಿದ್ದರೆ ನೂರು ಜನ ಬಂದೂ ಉಪಯೋಗವಿಲ್ಲ. ಅದಕ್ಕೆ ನಾನು ಮಾತಾಡುವವರ ಊರನ್ನು ಹಿಡಿಯುತ್ತೇನೆ.

ಕವಿತಾ ಆರ್ · 14 ಮಾರ್ಚ್

ನಾನು ಇನ್ನೂ ಒಪ್ಪಲಾರೆ ಸರ್. ನಮ್ಮಲ್ಲಿ ಮಾತಾಡುವವರು ವಾರಕ್ಕೊಬ್ಬರು ಬದಲಾಗುತ್ತಾರೆ. ಪ್ರತಿ ವಾರ ಗೂಟ ಕಿತ್ತು ನೆಡಲು ಆಗುವುದಿಲ್ಲ. ಆದರೆ ಶ್ರೀಲತಾ ಅವರಿಗೆ ಒಬ್ಬರೇ ಇರುವುದರಿಂದ ನೀವು ಹೇಳುವುದು ಹೊಂದಬಹುದು. ಯಾವುದನ್ನೇ ಹಿಡಿಯಲಿ, ಅದನ್ನು ಪ್ರಕಟಣೆಯಲ್ಲೇ ಹೇಳಬೇಕು: ‘ನ್ಯೂಯಾರ್ಕಿನ ಸಮಯವೇ ಆಧಾರ’ ಅಂತ. ಪಟ್ಟಿಯಲ್ಲಿ ಎಲ್ಲೋ ಒಂದು ತಪ್ಪಿದರೂ ಆಗ ಯಾವುದನ್ನು ನಂಬಬೇಕು ಅಂತ ಓದುವವರಿಗೆ ತಿಳಿಯುತ್ತದೆ.

ಪ್ರಸನ್ನ · 15 ಮಾರ್ಚ್

ಇಷ್ಟೆಲ್ಲ ಬರೆಯುವುದಕ್ಕಿಂತ ಒಂದು ಕ್ಯಾಲೆಂಡರ್ ಫೈಲ್ ಕೊಟ್ಟುಬಿಡಿ. ಒತ್ತಿದರೆ ಅವರವರ ಫೋನಿನಲ್ಲಿ ಅವರವರ ಸಮಯ ಬರುತ್ತದೆ. ತಪ್ಪುವ ಮಾತೇ ಇಲ್ಲ.

ಅನಿಲ್ ಬರ್ಲಿನ್ · 15 ಮಾರ್ಚ್

ತಪ್ಪುತ್ತದೆ. ಹಿಂದೆ ಒಂದು ಕಡೆಯಿಂದ ಬಂದ ಫೈಲ್ ನನ್ನ ಫೋನಿನಲ್ಲಿ ಬೆಳಿಗ್ಗೆ 10 ಅಂತ ಕೂತಿತು. ನಾನು ರಜೆ ಹಾಕಿ ಬೆಳಿಗ್ಗೆ 10ಕ್ಕೆ ತೆರೆದೆ. ಅದು ಅವರ 10 ಗಂಟೆ, ನನ್ನದಲ್ಲ. ಫೋನ್ ಯಾಕೆ ಹಾಗೆ ತೋರಿಸಿತು ಅಂತ ಇವತ್ತಿಗೂ ಗೊತ್ತಿಲ್ಲ.

ನಾಗರಾಜ್ ಜಿ · 15 ಮಾರ್ಚ್

ಅನಿಲ್, ಆ ಫೈಲಿನಲ್ಲಿ ಊರು ಇರಲಿಲ್ಲ. ಫೈಲನ್ನು ಸಾದಾ ನೋಟ್‌ಪ್ಯಾಡಿನಲ್ಲಿ ತೆರೆದರೆ ಶುರುವಾಗುವ ಸಮಯದ ಸಾಲು ಮೂರರಲ್ಲಿ ಒಂದು ರೀತಿ ಇರುತ್ತದೆ:

```
DTSTART:20260318T100000
DTSTART:20260318T140000Z
DTSTART;TZID=America/New_York:20260318T100000
```

ಮೊದಲನೆಯದಕ್ಕೆ ನೆಲೆಯೇ ಇಲ್ಲ. ಯಾರ ಫೋನಿಗೆ ಹೋಗುತ್ತದೋ ಅವರ 10 ಗಂಟೆ ಅಂತ ಫೋನ್ ಓದುತ್ತದೆ. ನಿಮಗಾದದ್ದು ಅದೇ. ಎರಡನೆಯದರ ಕೊನೆಯಲ್ಲಿರುವ `Z` ಅಂದರೆ ಯುಟಿಸಿ. ಒಂದೇ ಒಂದು ಕಾರ್ಯಕ್ರಮಕ್ಕೆ ಅದು ಚೆನ್ನಾಗಿ ನಡೆಯುತ್ತದೆ. ಮೂರನೆಯದು ನ್ಯೂಯಾರ್ಕಿನ 10 ಗಂಟೆ ಅಂತ ಊರಿನ ಸಮೇತ ಹೇಳುತ್ತದೆ.

ವಾರವಾರ ಮರುಕಳಿಸುವ ಸರಣಿಗೆ ಮೂರನೆಯದೇ ಬೇಕು. ಪ್ರಸನ್ನ ಅವರು ಯುಟಿಸಿಯನ್ನೇ ಹಿಡಿದರೆ ಈ ನಾಲ್ಕು ವಾರ ಏನೂ ಆಗುವುದಿಲ್ಲ, ಯಾಕೆಂದರೆ ನ್ಯೂಯಾರ್ಕಿನ ಗಡಿಯಾರ ಆಗಲೇ ಬದಲಾಗಿದೆ. ಆದರೆ ಅದೇ ಸರಣಿ ಮಾರ್ಚ್ 4ಕ್ಕೆ ಶುರುವಾಗಿದ್ದರೆ? ಆವತ್ತು ಅಲ್ಲಿಯ 10 ಅಂದರೆ 15:00 ಯುಟಿಸಿ. ಮುಂದಿನ ವಾರವೂ ಫೈಲ್ 15:00 ಅಂತಲೇ ಕರೆಯುತ್ತದೆ, ಅಷ್ಟರಲ್ಲಿ ಅಲ್ಲಿ 11 ಗಂಟೆ.

ಈ ಫೈಲನ್ನು ಕೈಯಲ್ಲಿ ಬರೆಯಬೇಡಿ. ಊರಿನ ಹೆಸರು ಹಾಕಿದರೆ ಆ ಊರಿನ ನಿಯಮಗಳ ಭಾಗ, `VTIMEZONE` ಅಂತ, ಅದೂ ಫೈಲಿನಲ್ಲಿ ಇರಬೇಕು. ಕ್ಯಾಲೆಂಡರ್ ಆ್ಯಪಿನಲ್ಲೇ ಕಾರ್ಯಕ್ರಮ ಮಾಡಿ, ಸಮಯದ ಪಕ್ಕದಲ್ಲಿ ನ್ಯೂಯಾರ್ಕ್ ಆರಿಸಿ, ಅಲ್ಲಿಂದ ಹೊರತೆಗೆದರೆ ಅದೆಲ್ಲ ತಾನಾಗಿ ಬರುತ್ತದೆ.

ಕಳಿಸುವ ಮುಂಚೆ ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ. ಫೋನಿನ ಸೆಟ್ಟಿಂಗ್ಸಿನಲ್ಲಿ ಸಮಯ ತಾನಾಗಿ ಹೊಂದಿಕೊಳ್ಳುವುದನ್ನು ನಿಲ್ಲಿಸಿ, ಲಂಡನ್ ಆರಿಸಿ. ಆಮೇಲೆ ಏಪ್ರಿಲ್ 1ರ ಸೆಷನ್ ತೆರೆಯಿರಿ. ಮಧ್ಯಾಹ್ನ 3 ತೋರಿಸಬೇಕು. ಬೆಳಿಗ್ಗೆ 10 ತೋರಿಸಿದರೆ ಫೈಲಿನಲ್ಲಿ ಊರಿಲ್ಲ. ಮಧ್ಯಾಹ್ನ 2 ತೋರಿಸಿದರೆ ಸರಣಿಯನ್ನು ಎಲ್ಲೋ ಲಂಡನ್ನಿಗೆ ಕಟ್ಟಿದ್ದೀರಿ. ಮುಗಿದ ಮೇಲೆ ಸೆಟ್ಟಿಂಗ್ ಮೊದಲಿನಂತೆ ಮಾಡುವುದನ್ನು ಮರೆಯಬೇಡಿ.

ಲಿನಕ್ಸ್ ಇದ್ದವರು ತಾಳೆ ನೋಡಲು ಈ ಒಂದು ಸಾಲು ಸಾಕು:

```
TZ="Europe/London" date -d 'TZ="America/New_York" 2026-04-01 10:00'
```

ಶ್ರೀಲತಾ · 15 ಮಾರ್ಚ್

ಪರೀಕ್ಷೆ ಮಾಡಿದೆ. ಲಂಡನ್‌ಗೆ 3 ಬಂತು. ಸಿಡ್ನಿಗೆ ಇಟ್ಟು ಏಪ್ರಿಲ್ 8 ಹುಡುಕಿದರೆ ಕಾರ್ಯಕ್ರಮ ಕಾಣಲೇ ಇಲ್ಲ, ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ನೋಡಿದರೆ 9ನೇ ತಾರೀಖಿನ ಮೇಲುಗಡೆ, 12 ಗಂಟೆಗೆ ಕೂತಿತ್ತು.

ಇನ್ನೊಂದು ತೊಂದರೆ ಇದೆ. ಹಳೆಯ ಪೋಸ್ಟರ್ ಇನ್ನೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ನಿನ್ನೆಯೂ ಒಬ್ಬರು ಅದನ್ನೇ ನನಗೆ ಕಳಿಸಿ ‘ಮುಂದಿನ ವಾರವೂ 8:30 ತಾನೆ?’ ಅಂತ ಕೇಳಿದರು.

ಕವಿತಾ ಆರ್ · 15 ಮಾರ್ಚ್

ಚಿತ್ರದ ಮೇಲೆ ಬರೆದದ್ದನ್ನು ತಿದ್ದಲು ಆಗುವುದಿಲ್ಲ, ಒಮ್ಮೆ ಹೋದರೆ ಹೋಯಿತು. ಅದಕ್ಕೆ ನಾನು ಪೋಸ್ಟರಿನ ಮೇಲೆ ಆಧಾರದ ಸಮಯ ಒಂದೇ ಹಾಕುತ್ತೇನೆ, ಕೆಳಗೆ ನೋಂದಣಿ ಪುಟದ ಲಿಂಕ್. ಊರುಗಳ ಪಟ್ಟಿ ಆ ಪುಟದಲ್ಲಿ ಮಾತ್ರ. ತಪ್ಪಿದರೆ ಪುಟ ತಿದ್ದಬಹುದು. ಹೊಸ ಪೋಸ್ಟರಿಗೆ ಬೇರೆ ಬಣ್ಣ ಕೊಡಿ. ‘ನೀಲಿ ಪೋಸ್ಟರ್ ಹಳೆಯದು, ಹಸಿರು ನೋಡಿ’ ಅಂತ ಒಂದೇ ಮಾತಲ್ಲಿ ಹೇಳಬಹುದು.

ಸುಮಾ ಸಿಡ್ನಿ · 15 ಮಾರ್ಚ್

ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮಮ್ಮ ಲಿಂಕ್ ಒತ್ತುವುದೇ ಇಲ್ಲ. ಪೋಸ್ಟರ್ ದೊಡ್ಡದು ಮಾಡಿ ನೋಡುತ್ತಾರೆ, ಅಲ್ಲಿರುವುದನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಾರೆ. ಅಂಥವರಿಗೆ ಪೋಸ್ಟರಿನಲ್ಲೇ ಅವರ ಊರಿನ ಸಮಯ ಬೇಕು. ಇನ್ನೊಂದು, ನೆನಪಿಸುವ ಮೆಸೇಜಿನಲ್ಲಿ ‘ಇಂದು ಸಂಜೆ’, ‘ನಾಳೆ’ ಅಂತ ಹಾಕಬೇಡಿ. ನೀವು ‘ಇಂದು’ ಅಂದದ್ದನ್ನು ನಾವು ಓದುವಷ್ಟರಲ್ಲಿ ಇಲ್ಲಿ ‘ನಾಳೆ’ ಆಗಿರುತ್ತದೆ. ವಾರ, ತಾರೀಖು ಬರೆಯಿರಿ.

ಶ್ರೀಲತಾ · 16 ಮಾರ್ಚ್

ಇಬ್ಬರ ಮಾತೂ ಸರಿ ಅನಿಸುತ್ತದೆ. ಪೋಸ್ಟರಿನ ಮೇಲೆ ಊರುಗಳು ಇರಲಿ, ಆದರೆ ಪ್ರತಿ ಸೆಷನ್ನಿಗೂ ಬೇರೆ ಪೋಸ್ಟರ್, ತಾರೀಖು ದೊಡ್ಡ ಅಕ್ಷರದಲ್ಲಿ, ಬಣ್ಣವೂ ಬೇರೆ. ಇದು ಬಹುಶಃ ಕೊನೆಯ ರೂಪ:

*ಎರಡನೇ ಸೆಷನ್: ಬುಧವಾರ, 18 ಮಾರ್ಚ್ 2026. ನ್ಯೂಯಾರ್ಕಿನ ಬೆಳಿಗ್ಗೆ 10 ಗಂಟೆಯೇ ಆಧಾರ (14:00 ಯುಟಿಸಿ). ಒಂದೂವರೆ ಗಂಟೆ ನಡೆಯುತ್ತದೆ.*

*ನ್ಯೂಯಾರ್ಕ್, ಟೊರಾಂಟೊ: ಬೆಳಿಗ್ಗೆ 10*
*ಲಂಡನ್, ಡಬ್ಲಿನ್: ಮಧ್ಯಾಹ್ನ 2*
*ಬರ್ಲಿನ್: ಮಧ್ಯಾಹ್ನ 3*
*ದುಬೈ: ಸಂಜೆ 6*
*ಭಾರತ: ಸಂಜೆ 7:30*
*ಬ್ರಿಸ್ಬೇನ್: ಬುಧವಾರ ಮುಗಿದು ಗುರುವಾರ 19 ಶುರುವಾಗುವ ನಡುರಾತ್ರಿ 12*
*ಸಿಡ್ನಿ: ಬುಧವಾರ ರಾತ್ರಿ ಕಳೆದು 1 ಗಂಟೆ, ತಾರೀಖು ಗುರುವಾರ 19*

*ಮೊದಲ ಸೆಷನ್ನಿನ ಪೋಸ್ಟರಿನಲ್ಲಿ 8:30 ಎಂದಿತ್ತು, ಅದು ತಪ್ಪು. ಏಪ್ರಿಲ್ 1ರಿಂದ ಲಂಡನ್, ಡಬ್ಲಿನ್, ಬರ್ಲಿನ್‌ನವರಿಗೆ ಒಂದು ಗಂಟೆ ಬದಲಾಗುತ್ತದೆ. ಆ ಪೋಸ್ಟರ್ ಬೇರೆ ಬರುತ್ತದೆ.*

ನಾಗರಾಜ್ ಜಿ · 16 ಮಾರ್ಚ್

ಚೆನ್ನಾಗಿದೆ. ಕಳಿಸುವ ಮುಂಚೆ ಮಾತಾಡುವವರಿಗೂ ಇದನ್ನೇ ತೋರಿಸಿ, ‘ಆ ದಿನ ನಿಮ್ಮ ಗೋಡೆ ಗಡಿಯಾರದಲ್ಲಿ 10 ಅಂದರೆ ಸರಿಯಾ?’ ಅಂತ ಈ ಮಾತಿನಲ್ಲೇ ಕೇಳಿ. ‘ಇಡಿಟಿಯಾ ಇಎಸ್‌ಟಿಯಾ’ ಅಂತ ಕೇಳಿದರೆ ಮತ್ತೆ ಅದೇ ಗೊಂದಲ.

ಬ್ರಿಸ್ಬೇನ್ ರವಿ · 17 ಮಾರ್ಚ್

ನಮ್ಮ ಸಾಲು ಓದಲು ಸ್ವಲ್ಪ ಕಷ್ಟ. ಅಮ್ಮನಿಗೆ ಓದಿ ಹೇಳಿದೆ, ಎರಡು ಸಲ ಕೇಳಿಸಿಕೊಂಡರು. 12 ಗಂಟೆ ಅನ್ನುವುದೇ ಯಾವ ದಿನಕ್ಕೂ ಸೇರದ ಹಾಗೆ ಇದೆ.

ಒಂದು ಯೋಚನೆ. ಶ್ರೀಲತಾ ಅವರೇ, ಕಾರ್ಯಕ್ರಮಕ್ಕೆ 15 ನಿಮಿಷ ಮುಂಚೆ ನೀವು ಜನರನ್ನು ಒಳಗೆ ಬಿಡುತ್ತೀರಿ ಅಲ್ವಾ? ನಮಗೆ ಆ ಸಮಯವನ್ನೇ ಬರೆಯಿರಿ: ‘ಬ್ರಿಸ್ಬೇನ್: ಬುಧವಾರ 18, ರಾತ್ರಿ 11:45ಕ್ಕೆ ಬಾಗಿಲು ತೆರೆಯುತ್ತದೆ’. ಆಗ ದಿನ ಬುಧವಾರವೇ, ಯಾರಿಗೂ ಅನುಮಾನ ಇಲ್ಲ.

ಶ್ರೀಲತಾ · 17 ಮಾರ್ಚ್

ಇದು ನನಗೆ ತುಂಬಾ ಹಿಡಿಸಿತು. ಈಗಲೇ ಬದಲಾಯಿಸುತ್ತೇನೆ. ಏಪ್ರಿಲ್ 8ಕ್ಕೆ ಸಿಡ್ನಿಯವರಿಗೂ ಇದೇ ಸಾಲು ಆಗುತ್ತದೆ. ಆದರೆ ಅಲ್ಲಿಯವರೆಗಿನ 1 ಗಂಟೆಗೆ ಇದು ಕೆಲಸಕ್ಕೆ ಬರುವುದಿಲ್ಲ, 12:45 ಅಂದರೂ ಅದೇ ತಕರಾರು.

ಶ್ರೀಲತಾ · 19 ಮಾರ್ಚ್

ನಿನ್ನೆಯ ಸೆಷನ್ ಆಯಿತು. ಸಂಜೆ 7:15ಕ್ಕೇ ನಾನು ಕೂತಿದ್ದೆ. ಭಾರತದವರು, ದುಬೈನವರು, ಲಂಡನ್‌ನವರು ಶುರುವಿನಿಂದಲೇ ಇದ್ದರು. ಜಾತಕದ ಕಟ್ಟಿನವರೂ ಬಂದರು. ಅವರ ಪ್ರಶ್ನೆಯನ್ನೇ ಮೊದಲು ತೆಗೆದುಕೊಂಡರು. ರವಿ ಅವರು ಸರಿಯಾಗಿ ಬಂದರು. ಸಿಡ್ನಿಯಿಂದ ಒಬ್ಬರು ಮಾತ್ರ ಇವತ್ತು ಮೇಲ್ ಮಾಡಿದ್ದಾರೆ, ‘ಇವತ್ತು ರಾತ್ರಿ 1ಕ್ಕೆ ತಾನೆ?’ ಅಂತ. ಅವರಿಗೆ ರೆಕಾರ್ಡಿಂಗ್ ಕಳಿಸಿದೆ.

ಸುಮಾ ಸಿಡ್ನಿ · 19 ಮಾರ್ಚ್

ಅಕ್ಕ, ‘ತಾರೀಖು ಗುರುವಾರ 19’ ಅನ್ನುವುದೇ ಅವರ ಕಣ್ಣಿಗೆ ಬಿದ್ದಿರಬೇಕು, ಮುಂದಿನದು ಓದಿಲ್ಲ. ಮಾರ್ಚ್ 25ರ ಸೆಷನ್ನಿಗೆ ‘ಬುಧವಾರ 25, ರಾತ್ರಿ ಊಟ ಮಾಡಿ ಎಚ್ಚರವಾಗಿರಿ, 1 ಗಂಟೆಗೆ ಶುರು’ ಅಂತ ಬರೆದು ನೋಡೋಣ. ತಾರೀಖು 26 ಅನ್ನುವುದನ್ನು ಕೆಳಗೆ ಚಿಕ್ಕದಾಗಿ ಹಾಕಿ. ಇಲ್ಲಿ ನನಗೆ ಗೊತ್ತಿರುವ ಮೂವರಿಗೆ ಮೊದಲು ತೋರಿಸಿ, ಯಾವ ರಾತ್ರಿ ಅಂತ ಅರ್ಥವಾಯಿತು ಅಂತ ಕೇಳಿ ಹೇಳುತ್ತೇನೆ.